ತೂಕ ಇಳಿಸಿದ್ದನ್ನು ಗ್ರಾಹಕರಿಗೆ ಹೇಳುವುದು ಹೇಗೆ: ಒಂದು ಕೋಡುಬಳೆ ಪ್ಯಾಕೆಟ್ಟಿನ ಲೆಕ್ಕ

ಎಣ್ಣೆ ರೇಟು ಏರಿದಾಗ ಕುರುಕಲು ತಿಂಡಿ ಮಾಡಿ ಮಾರುವವರು ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಪ್ಯಾಕೆಟ್ಟಿನ ಬೆಲೆ ಏರಿಸುತ್ತಾರೆ, ಇಲ್ಲವೇ ಬೆಲೆ ಹಾಗೇ ಇಟ್ಟು ಒಳಗಿನ ತೂಕ ಇಳಿಸುತ್ತಾರೆ. ಎರಡೂ ಬೆಲೆ ಏರಿಕೆಯೇ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ತೂಕ ಇಳಿಸುವುದೇ ಮೋಸ ಅಂತ ನಾನು ಹೇಳುವುದಿಲ್ಲ. ಇಳಿಸಿ ಸುಮ್ನಿರುವುದು, ಅಥವಾ ಅರ್ಧ ಮಾತ್ರ ಹೇಳುವುದು ಮೋಸ. ಪೂರ್ತಿ ಹೇಳುವುದು ಎಂದರೆ ಏನು ಎನ್ನುವುದನ್ನು ಒಂದು ಪ್ಯಾಕೆಟ್ ಕೋಡುಬಳೆ ಇಟ್ಟುಕೊಂಡು ನೋಡೋಣ. ಅಂಕಿಗಳು ಉದಾಹರಣೆಗೆ ನಾನು ಹಾಕಿಕೊಂಡವು. ನಿಮ್ಮ ಲೆಕ್ಕದ ಪುಸ್ತಕ ತೆಗೆದು ಅಲ್ಲಿರುವ ಅಂಕಿ ಹಾಕಿಕೊಂಡರೂ ದಾರಿ ಇದೇ.

ಪ್ಯಾಕೆಟ್ 200 ಗ್ರಾಂ, ಎಂಆರ್‌ಪಿ 60 ರೂಪಾಯಿ. ಮಾಡುವವರಿಗೆ ಒಂದು ಪ್ಯಾಕೆಟ್ಟಿಗೆ ಬೀಳುವ ಖರ್ಚು 40 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಎಣ್ಣೆ 9, ಹಿಟ್ಟು 10, ಖಾರದಪುಡಿ, ಓಮ, ಕೊಬ್ಬರಿ ಎಲ್ಲ ಸೇರಿ 4, ಗ್ಯಾಸ್ 4. ಇನ್ನು ಕೂಲಿ 8, ಕವರ್ ಮತ್ತು ಲೇಬಲ್ 3, ಸಾಗಾಟ 2. ಉಳಿದ 20 ರೂಪಾಯಿಯಲ್ಲಿ ಅಂಗಡಿಯವರ ಮಾರ್ಜಿನ್, ಏಜೆನ್ಸಿಯವರ ಪಾಲು, ತೆರಿಗೆ, ಕೊನೆಗೆ ಲಾಭ.

ಈಗ ಎಣ್ಣೆ ಶೇ 30 ಏರಿತು. 9 ರೂಪಾಯಿ ಇದ್ದದ್ದು 11 ರೂಪಾಯಿ 70 ಪೈಸೆ. ಒಟ್ಟು ಖರ್ಚು 42.70. ಅಂದರೆ ಖರ್ಚು ಏರಿದ್ದು ಹೆಚ್ಚೂ ಕಮ್ಮಿ ಶೇ 7ರಷ್ಟು. ಎಂಆರ್‌ಪಿಯನ್ನೂ ಅಷ್ಟೇ ಏರಿಸಿದರೆ 64 ರೂಪಾಯಿ ಆಗುತ್ತದೆ. ಯಾರಿಗೂ ಗೊಂದಲವಿಲ್ಲ, ಹೇಳುವ ಕಷ್ಟವೂ ಇಲ್ಲ.

ಆದರೆ 60ರ ಪ್ಯಾಕೆಟ್ ಅಂತಲೇ ಜನ ಕೇಳುತ್ತಾರೆ, ಅದನ್ನು ಮುಟ್ಟುವುದು ಬೇಡ ಎನ್ನುವುದು ಮಾಲೀಕರ ಲೆಕ್ಕ. ಹಾಗಾದರೆ 2 ರೂಪಾಯಿ 70 ಪೈಸೆ ಉಳಿಸಲು ಎಷ್ಟು ಗ್ರಾಂ ತೆಗೆಯಬೇಕು? ಇಲ್ಲೇ ಬಹಳ ಜನ ಎಡವುತ್ತಾರೆ. ತೂಕ ಇಳಿಸಿದರೆ ಎಲ್ಲ ಖರ್ಚೂ ಇಳಿಯುವುದಿಲ್ಲ. ಎಣ್ಣೆ, ಹಿಟ್ಟು, ಖಾರ, ಗ್ಯಾಸ್ ಇಳಿಯುತ್ತವೆ. ಕವರ್ ಅದೇ, ಲೇಬಲ್ ಅದೇ, ಪ್ಯಾಕ್ ಮಾಡುವವರ ಕೂಲಿ ಅದೇ, ಆಟೋ ಬಾಡಿಗೆ ಅದೇ. ಇಳಿಯುವ ಬಾಬ್ತು ಮಾತ್ರ ಕೂಡಿದರೆ 29 ರೂಪಾಯಿ 70 ಪೈಸೆ. ಗ್ರಾಂಗೆ ಸುಮಾರು 15 ಪೈಸೆ. 2.70 ಉಳಿಯಬೇಕಾದರೆ 18 ಗ್ರಾಂ ತೆಗೆಯಬೇಕು. ಯಾರೂ 182 ಗ್ರಾಂ ಎಂದು ಮುದ್ರಿಸುವುದಿಲ್ಲ, 180 ಮಾಡುತ್ತಾರೆ.

ಗ್ರಾಹಕರ ಕಡೆಯಿಂದ ನೋಡಿ. ಮೊದಲು 60 ರೂಪಾಯಿಗೆ 200 ಗ್ರಾಂ, ಅಂದರೆ ಕೆ.ಜಿ.ಗೆ 300. ಈಗ 60ಕ್ಕೆ 180 ಗ್ರಾಂ, ಅಂದರೆ ಕೆ.ಜಿ.ಗೆ 333. ಏರಿಕೆ ಶೇ 11. ಮಾಡುವವರ ಖರ್ಚು ಏರಿದ್ದು ಶೇ 7ರ ಹತ್ತಿರ, ಕೊಳ್ಳುವವರಿಗೆ ಬಿದ್ದದ್ದು ಶೇ 11. ನಡುವಿನದನ್ನು ಯಾರೂ ಕದ್ದಿಲ್ಲ. ಅದೇ ಕವರು, ಅದೇ ಕೂಲಿ ಈಗ ಕಡಿಮೆ ಕೋಡುಬಳೆಯ ಮೇಲೆ ಹಂಚಿಕೆಯಾಗುತ್ತಿದೆ. ಬೆಲೆಯನ್ನು 65 ಮಾಡಿ ತೂಕ 200 ಉಳಿಸಿದ್ದರೆ ಕೆ.ಜಿ.ಗೆ 325 ಆಗುತ್ತಿತ್ತು. ಗ್ರಾಹಕರಿಗೆ ಅದೇ ವಾಸಿ.

ಹಾಗಾಗಿ ಹೇಗೆ ಹೇಳುವುದು ಎನ್ನುವುದಕ್ಕಿಂತ ಮೊದಲು, ತೂಕ ಇಳಿಸಲೇಬೇಕಾ ಎಂದು ಕೇಳಿಕೊಳ್ಳುವುದು ಒಳ್ಳೆಯದು. 5 ರೂಪಾಯಿ, 10 ರೂಪಾಯಿ ಪ್ಯಾಕೆಟ್ಟಿನಲ್ಲಿ ಬೇರೆ ದಾರಿಯಿಲ್ಲ. ಮಗು ಕೈಯಲ್ಲಿ ಹತ್ತರ ನಾಣ್ಯ ಹಿಡಿದು ಬರುತ್ತದೆ, ಅದನ್ನು 11 ಮಾಡಲಾಗುವುದಿಲ್ಲ. ಆದರೆ 60ರ ಪ್ಯಾಕೆಟ್ಟಿಗೆ ಆ ಕಾರಣ ಅಷ್ಟು ಗಟ್ಟಿಯಲ್ಲ. ಚಿಲ್ಲರೆ ಇಲ್ಲ ಎನ್ನುವ ನೆಪವೂ ಯುಪಿಐ ಬಂದ ಮೇಲೆ ಹೋಯಿತು. ಇಷ್ಟಾದ ಮೇಲೂ 180 ಎಂದು ತೀರ್ಮಾನಿಸಿದರೆ, ಸರಿ, ಹೇಳುವ ಕೆಲಸ ಅಲ್ಲಿಂದ ಶುರು.

ಹೇಳಬೇಕಾದ ಸಂಖ್ಯೆ ಯಾವುದು? 'ಶೇ 10 ತೂಕ ಕಡಿಮೆ' ಎಂದು ಬರೆದರೆ ಅದು ನಿಜ, ಆದರೆ ಬೆಲೆ ಏರಿದ್ದು ಶೇ 10 ಅಲ್ಲ, 11. ತೂಕ ಇಳಿದ ಶೇಕಡಾವಾರು ಮತ್ತು ಬೆಲೆ ಏರಿದ ಶೇಕಡಾವಾರು ಯಾವತ್ತೂ ಒಂದೇ ಆಗುವುದಿಲ್ಲ. ಹಳೆ ತೂಕವನ್ನು ಹೊಸ ತೂಕದಿಂದ ಭಾಗಿಸಿದರೆ ಬೆಲೆ ಎಷ್ಟು ಪಟ್ಟು ಆಯಿತು ಎಂದು ಸಿಗುತ್ತದೆ. 200 ಭಾಗಿಸು 180 ಎಂದರೆ 1.11. ಸಣ್ಣ ಇಳಿಕೆಯಲ್ಲಿ ಈ ವ್ಯತ್ಯಾಸ ಗಮನಕ್ಕೆ ಬರುವುದಿಲ್ಲ. ಇಳಿಕೆ ದೊಡ್ಡದಾದಷ್ಟೂ ಅಂತರ ಬೆಳೆಯುತ್ತದೆ. 200ರಿಂದ 160ಕ್ಕೆ ಇಳಿಸಿದರೆ ತೂಕ ಶೇ 20 ಕಡಿಮೆ, ಬೆಲೆ ಶೇ 25 ಜಾಸ್ತಿ. 200ರಿಂದ 100ಕ್ಕೆ ಇಳಿಸಿದರೆ ತೂಕ ಶೇ 50 ಕಡಿಮೆ, ಬೆಲೆ ಶೇ 100 ಜಾಸ್ತಿ. ಎರಡು ಸಂಖ್ಯೆಗಳಲ್ಲಿ ಚಿಕ್ಕದನ್ನೇ ಹೇಳುವ ಆಸೆ ಯಾರಿಗಾದರೂ ಆಗುತ್ತದೆ. ಗ್ರಾಹಕರ ಜೇಬಿಗೆ ತಗುಲುವುದು ಎರಡನೆಯದು.

ನಮ್ಮಲ್ಲಿ ಕಾನೂನು ಇದಕ್ಕೆ ಸ್ವಲ್ಪ ಸಹಾಯ ಮಾಡುತ್ತದೆ. ಪ್ಯಾಕ್ ಮಾಡಿದ ಸಾಮಾನಿಗೆ ಅನ್ವಯವಾಗುವ 2011ರ ಕಾನೂನು ಮಾಪನ ನಿಯಮಗಳಿಗೆ 2021ರ ನವೆಂಬರ್‌ನಲ್ಲಿ ಒಂದು ತಿದ್ದುಪಡಿ ಹೊರಬಿತ್ತು. ಅದಕ್ಕೂ ಮೊದಲು ಬಿಸ್ಕತ್ತು, ಚಹಾ, ಅಡುಗೆ ಎಣ್ಣೆಯಂಥ ಕೆಲವು ಸಾಮಾನುಗಳನ್ನು ಇಷ್ಟಿಷ್ಟೇ ತೂಕದಲ್ಲಿ ಪ್ಯಾಕ್ ಮಾಡಬೇಕು ಎಂಬ ಪಟ್ಟಿ ಇತ್ತು. ತಿದ್ದುಪಡಿ ಆ ಪಟ್ಟಿಯನ್ನು ತೆಗೆಯಿತು. ಬದಲಿಗೆ ಎಂಆರ್‌ಪಿ ಜೊತೆಗೆ ಗ್ರಾಂಗೆ ಅಥವಾ ಕೆ.ಜಿ.ಗೆ ಬೆಲೆ ಎಷ್ಟು ಬೀಳುತ್ತದೆ ಎಂದು ಪ್ಯಾಕಿನ ಮೇಲೆ ಹಾಕಲೇಬೇಕು ಎಂದಿತು. ಇದಕ್ಕೆ ಯೂನಿಟ್ ಸೇಲ್ ಪ್ರೈಸ್ ಎನ್ನುತ್ತಾರೆ. ಲೇಬಲ್ ಮೇಲೆ `USP` ಎಂಬ ಮೂರಕ್ಷರದ ಪಕ್ಕ ಪುಟ್ಟ ಅಂಕಿಯಲ್ಲಿ ಇರುತ್ತದೆ. ಒಂದು ಕೆ.ಜಿ.ಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಜಾಸ್ತಿ ಇದ್ದರೆ ಕೆ.ಜಿ. ಲೆಕ್ಕ.

ನಮ್ಮ ಕೋಡುಬಳೆಯ ಮೇಲೆ ಮೊದಲು ಗ್ರಾಂಗೆ 0.30 ರೂಪಾಯಿ ಎಂದಿತ್ತು, ಈಗ 0.33 ಆಗಬೇಕು. ಕಾನೂನಿನ ಕೆಲಸ ಅಲ್ಲಿಗೆ ಮುಗಿಯಿತು. ಹಿಂದೆ ಎಷ್ಟಿತ್ತು ಎಂದು ಹೇಳಿ ಅಂತ ಈ ನಿಯಮ ಕೇಳುವುದಿಲ್ಲ. ಹಳೆ ಪ್ಯಾಕೆಟ್ ಪಕ್ಕದಲ್ಲಿ ಇಲ್ಲದಿದ್ದರೆ 0.33 ಎನ್ನುವುದು ಬರೀ ಒಂದು ಅಂಕಿ.

ಇನ್ನೊಂದು ತೊಡಕಿದೆ. ಈ ಬೆಲೆಯನ್ನು ಎರಡು ದಶಮಾಂಶಕ್ಕೆ ಸರಿಮಾಡಿ ಬರೆಯಬೇಕು. ಅಗ್ಗದ ಸಾಮಾನಿನಲ್ಲಿ ಇದರಿಂದ ಏರಿಕೆಯೇ ಮಾಯವಾಗಬಹುದು. ಅರ್ಧ ಕೆ.ಜಿ. ರವೆ 28 ರೂಪಾಯಿ ಇದೆ ಎನ್ನಿ. ಗ್ರಾಂಗೆ 0.056, ಲೇಬಲ್ ಮೇಲೆ 0.06. ಅದನ್ನು 450 ಗ್ರಾಂ ಮಾಡಿ ಬೆಲೆ 28ರಲ್ಲೇ ಇಟ್ಟರೆ ಗ್ರಾಂಗೆ 0.062, ಲೇಬಲ್ ಮೇಲೆ ಮತ್ತೆ 0.06. ಬೆಲೆ ಶೇ 11 ಏರಿದೆ, ಮುದ್ರಿಸಿದ ಅಂಕಿ ಒಂದಿಷ್ಟೂ ಅಲುಗಾಡಿಲ್ಲ. ನಿಯಮ ಪಾಲಿಸಿದಂತೆಯೂ ಆಯಿತು, ಗ್ರಾಹಕರಿಗೆ ಏನೂ ತಿಳಿಯದಂತೆಯೂ ಆಯಿತು. ಆದ್ದರಿಂದ ಗ್ರಾಹಕರಿಗೆ ಬರೆಯುವ ಸೂಚನೆಯಲ್ಲಿ ಗ್ರಾಂ ಲೆಕ್ಕ ಬಿಟ್ಟು ಕೆ.ಜಿ. ಲೆಕ್ಕ ಹಾಕಿ. ಜನ ತರಕಾರಿಯಿಂದ ಅಕ್ಕಿವರೆಗೆ ಯೋಚಿಸುವುದೂ ಕೆ.ಜಿ.ಯಲ್ಲೇ.

ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಹೇಳಬೇಕು ಎಂದು ಕೆಲವು ದೇಶಗಳು ನೇರವಾಗಿ ಕಾನೂನೇ ಮಾಡಿವೆ. ಫ್ರಾನ್ಸ್‌ನಲ್ಲಿ 2024ರ ಜುಲೈ 1ರಿಂದ ದೊಡ್ಡ ಅಂಗಡಿಗಳು ಇಂಥ ಸಾಮಾನಿನ ಹತ್ತಿರ ಎರಡು ತಿಂಗಳು ಬೋರ್ಡು ಹಾಕಬೇಕು. ಪ್ರಮಾಣ ಎಷ್ಟಿದ್ದದ್ದು ಎಷ್ಟಾಯಿತು, ಕೆ.ಜಿ. ಅಥವಾ ಲೀಟರ್ ಬೆಲೆ ಎಷ್ಟು ಏರಿತು ಎಂಬ ಎರಡೂ ಮಾತು ಅದೇ ವಾಕ್ಯದಲ್ಲಿ ಇರಬೇಕು. ದಕ್ಷಿಣ ಕೊರಿಯಾದಲ್ಲಿ 2024ರ ಆಗಸ್ಟ್‌ನಿಂದ ತಯಾರಕರೇ ಮೂರು ತಿಂಗಳು ತಿಳಿಸಬೇಕು, ಇಲ್ಲದಿದ್ದರೆ ದಂಡ. ನಮ್ಮಲ್ಲಿ ಅಂಥ ಕಡ್ಡಾಯ ಇಲ್ಲದಿದ್ದರೂ ಫ್ರಾನ್ಸಿನ ಆ ಒಂದು ವಾಕ್ಯದ ಅಚ್ಚು ಎರವಲು ತಗೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಕೋಡುಬಳೆಗೆ ಅದನ್ನು ಹೀಗೆ ಬರೆಯಬಹುದು:

"ಗಮನಿಸಿ: ಈ ಪ್ಯಾಕೆಟ್ 200 ಗ್ರಾಂ ಇತ್ತು, ಈಗ 180 ಗ್ರಾಂ. ಬೆಲೆ 60 ರೂಪಾಯಿ, ಬದಲಾಗಿಲ್ಲ. ಹಾಗಾಗಿ ಕೆ.ಜಿ. ಲೆಕ್ಕದಲ್ಲಿ 300 ರೂಪಾಯಿ ಇದ್ದದ್ದು 333 ಆಗಿದೆ. ಶೇ 11 ಏರಿಕೆ."

ನಾಲ್ಕು ಸಣ್ಣ ವಾಕ್ಯ. ಇದರಲ್ಲಿ ಒಂದನ್ನು ತೆಗೆದರೂ ಸುಳ್ಳಿನ ವಾಸನೆ ಬರುತ್ತದೆ. ಮೂರನೆಯದನ್ನು, ನಾಲ್ಕನೆಯದನ್ನು ತೆಗೆದು ನೋಡಿ. 'ಈಗ 180 ಗ್ರಾಂ, ಬೆಲೆ ಬದಲಾಗಿಲ್ಲ' ಎಂದು ಉಳಿಯುತ್ತದೆ. ಓದಿದವರಿಗೆ ಏನೋ ಉಪಕಾರ ಮಾಡಿದಂತೆ ಕೇಳುತ್ತದೆ. 'ಹೊಸ ಪ್ಯಾಕ್, ಅದೇ ಬೆಲೆ' ಎನ್ನುವ ಘೋಷಣೆ ಹುಟ್ಟುವುದೇ ಹೀಗೆ. ಅದರಲ್ಲಿ ಒಂದೂ ಸುಳ್ಳು ಪದ ಇಲ್ಲ, ಆದರೂ ಅದರಿಂದ ಗ್ರಾಹಕರಿಗೆ ತಿಳಿಯುವುದು ಸುಳ್ಳೇ. 'ಗ್ರಾಹಕರ ಬೇಡಿಕೆಯ ಮೇರೆಗೆ ಅನುಕೂಲಕರ ಅಳತೆಯಲ್ಲಿ' ಎನ್ನುವುದಂತೂ ಇನ್ನೂ ಮೇಲು. ಕೋಡುಬಳೆ ಕಮ್ಮಿ ಹಾಕಿ ಎಂದು ಬೇಡಿಕೆ ಇಟ್ಟ ಗ್ರಾಹಕರನ್ನು ನಾನಂತೂ ಕಂಡಿಲ್ಲ.

ಕಾರಣ ಬರೆಯಬೇಕಾ? ಬರೆಯಬಹುದು, ಆದರೆ ಕಾರಣದ ಅಳತೆ ಸರಿಯಿರಬೇಕು. 'ಅಡುಗೆ ಎಣ್ಣೆ ಶೇ 30 ಏರಿದೆ, ನಾವು ಏರಿಸಿದ್ದು ಶೇ 11 ಮಾತ್ರ' ಎಂದು ಬರೆದರೆ ಎರಡೂ ಅಂಕಿ ಸರಿಯೇ. ಓದಿದವರು ಏನು ತಿಳಿದುಕೊಳ್ಳುತ್ತಾರೆ? ಪಾಪ, ಬಾಕಿ ಶೇ 19ನ್ನು ಇವರೇ ಹೊತ್ತುಕೊಂಡಿದ್ದಾರೆ ಎಂದು. ನಮ್ಮ ಲೆಕ್ಕ ನೋಡಿದರೆ ಮಾಲೀಕರು ಏನೂ ಹೊತ್ತಿಲ್ಲ. 20 ಗ್ರಾಂ ತೆಗೆದಾಗ 2 ರೂಪಾಯಿ 97 ಪೈಸೆ ಉಳಿಯಿತು. ಎಣ್ಣೆಯಿಂದ ಬಂದ ಹೊರೆ 2.70. ಅದು ಪೂರ್ತಿ ಇಳಿದು ಮೇಲೆ 27 ಪೈಸೆ ಉಳಿದಿದೆ. ಎಣ್ಣೆ ಇಡೀ ಖರ್ಚಿನ ಒಂದು ಭಾಗ ಮಾತ್ರ, ಅದರ ಶೇಕಡಾವಾರನ್ನು ಇಡೀ ಪ್ಯಾಕೆಟ್ಟಿನ ಶೇಕಡಾವಾರಿನ ಪಕ್ಕ ಇಡಬಾರದು. ಕಾರಣ ಹೇಳಲೇಬೇಕೆಂದರೆ ರೂಪಾಯಿಯಲ್ಲಿ ಹೇಳಿ: 'ಒಂದು ಪ್ಯಾಕೆಟ್ಟಿಗೆ ಎಣ್ಣೆಯ ಖರ್ಚು 2 ರೂಪಾಯಿ 70 ಪೈಸೆ ಏರಿದೆ.' ಲೆಕ್ಕ ಬಿಚ್ಚಿಡಲು ಮನಸ್ಸಿಲ್ಲದಿದ್ದರೆ 'ಎಣ್ಣೆ ಬೆಲೆ ಏರಿದ್ದರಿಂದ' ಎಂದಷ್ಟೇ ಬರೆದು ನಿಲ್ಲಿಸಿ. ಅದರಲ್ಲಿ ತಪ್ಪಿಲ್ಲ.

ಇನ್ನು ಈ ಸೂಚನೆ ಎಲ್ಲಿ ಹಾಕುವುದು? ಪ್ಯಾಕೆಟ್ಟಿನ ಮುಂಭಾಗದಲ್ಲಿ, ತೂಕ ಬರೆದಿರುವ ಜಾಗದ ಹತ್ತಿರ. ಸಣ್ಣ ಘಟಕಗಳಿಗೆ ಇಲ್ಲೊಂದು ಕಷ್ಟ ಇದೆ. ಕವರನ್ನು ಒಮ್ಮೆಗೇ ಸಾವಿರಗಟ್ಟಲೆ ಅಚ್ಚು ಹಾಕಿಸಿರುತ್ತಾರೆ, ಅದರ ಮೇಲೆ 200 ಗ್ರಾಂ ಎಂದೇ ಇರುತ್ತದೆ. 180 ತುಂಬಿ, 200ರ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದರೆ ಆಯಿತಲ್ಲ ಎನ್ನುವ ಯೋಚನೆ ಬರುತ್ತದೆ. ಬೇಡ. ತೂಕ, ಬೆಲೆಯಂಥ ಕಡ್ಡಾಯ ವಿವರಗಳನ್ನು ಬಿಡಿ ಸ್ಟಿಕ್ಕರ್ ಹಾಕಿ ತಿದ್ದಲು ನಿಯಮ ಬಿಡುವುದಿಲ್ಲ, ಎಂಆರ್‌ಪಿ ಇಳಿಸುವುದಕ್ಕೆ ಮಾತ್ರ ವಿನಾಯಿತಿ ಇದೆ. ಹಳೆ ಕವರು ಮುಗಿಯುವ ತನಕ ಅದರಲ್ಲಿ 200 ಗ್ರಾಂ ಹಾಕಲೇಬೇಕು, ಇಲ್ಲವೇ ಹೊಸ ಕವರು ಅಚ್ಚು ಹಾಕಿಸಬೇಕು. ಆದರೆ ಕಡ್ಡಾಯವಲ್ಲದ ಮಾತನ್ನು ಸ್ಟಿಕ್ಕರ್‌ನಲ್ಲಿ ಹೇಳಬಹುದು. ಆದ್ದರಿಂದ ಹೊಸ ಕವರಿನ ಮೇಲೆ 180 ಗ್ರಾಂ ಅಚ್ಚಾಗಿರಲಿ, 'ಮೊದಲು 200 ಇತ್ತು' ಎನ್ನುವ ಸೂಚನೆ ಸ್ಟಿಕ್ಕರ್ ಆಗಿರಲಿ. ಕಾಲ ಮುಗಿದ ಮೇಲೆ ಸ್ಟಿಕ್ಕರ್ ನಿಲ್ಲಿಸಿದರಾಯಿತು.

ಕವರಿನ ಅಳತೆಯ ಬಗ್ಗೆಯೂ ಒಂದು ಮಾತು. ಕುರುಕಲು ತಿಂಡಿಯ ಕವರಿನಲ್ಲಿ ಸ್ವಲ್ಪ ಗಾಳಿ ಇರಬೇಕು, ಇಲ್ಲದಿದ್ದರೆ ಅಂಗಡಿ ಮುಟ್ಟುವಷ್ಟರಲ್ಲಿ ಕೋಡುಬಳೆ ಪುಡಿಯಾಗಿರುತ್ತದೆ. ಆದರೆ ಗ್ರಾಹಕರು ತೂಕವನ್ನು ಓದಿ ಕೊಳ್ಳುವುದಿಲ್ಲ, ಕವರಿನ ಗಾತ್ರ ನೋಡಿ ಕೊಳ್ಳುತ್ತಾರೆ. ಒಳಗಿನದು ಶೇ 10 ಇಳಿದು ಕವರು ಅಷ್ಟೇ ಉಬ್ಬಿಕೊಂಡಿದ್ದರೆ, ಮುಂದೆ ಅಂಟಿಸಿದ ಸೂಚನೆ ಒಂದು ಹೇಳುತ್ತದೆ, ಕವರು ಇನ್ನೊಂದು ಹೇಳುತ್ತದೆ. ಹೊಸದಾಗಿ ಹೇಗೂ ಅಚ್ಚು ಹಾಕಿಸುವಾಗ ಉದ್ದವನ್ನು ಒಂದಿಷ್ಟು ಕಮ್ಮಿ ಮಾಡಿಸಿ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಅಂಗಡಿಯಲ್ಲಿ. ಹಳೆ ಸ್ಟಾಕು ಪೂರ್ತಿ ಖಾಲಿಯಾಗಿರುವುದಿಲ್ಲ, ಹೊಸದು ಬಂದು ಕೂತಿರುತ್ತದೆ. ಒಂದೇ ತಂತಿಯಲ್ಲಿ 200ರದ್ದೂ 180ರದ್ದೂ ನೇತಾಡುತ್ತಿರುತ್ತವೆ, ಎರಡಕ್ಕೂ 60 ರೂಪಾಯಿ. ಎರಡು ಪ್ಯಾಕೆಟ್ ತಗೊಂಡವರಿಗೆ ಒಂದೊಂದು ಬಂದರೆ ಜಗಳಕ್ಕೆ ಬೇರೆ ಕಾರಣ ಬೇಡ. ಹೊಸದನ್ನು ಕೊಡುವ ಮೊದಲು ಲೈನ್‌ಗೆ ಹೋಗುವ ಹುಡುಗ ಹಳೆಯದು ಎಷ್ಟಿದೆ ನೋಡಿ, ಅದು ಮುಗಿದ ಮೇಲೆ ಹೊಸದನ್ನು ಹಾಕಬೇಕು, ಅಥವಾ ಹಳೆಯದನ್ನು ವಾಪಸ್ ತರಬೇಕು.

ಸೂಪರ್‌ಮಾರ್ಕೆಟ್ಟಿನಲ್ಲಿ ಇದೇ ತೊಂದರೆ ಬಿಲ್ಲಿನಲ್ಲಿ ಬರುತ್ತದೆ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಹೆಸರು 'ಕೋಡುಬಳೆ 200 ಗ್ರಾಂ' ಎಂದು ಯಾವಾಗಲೋ ಹಾಕಿರುತ್ತಾರೆ. ಬಾರ್‌ಕೋಡ್ ಹಳೆಯದೇ ಇದ್ದರೆ ಹೊಸ ಪ್ಯಾಕೆಟ್ ಸ್ಕ್ಯಾನ್ ಮಾಡಿದಾಗಲೂ ಬಿಲ್ಲಿನಲ್ಲಿ 200 ಎಂದೇ ಬರುತ್ತದೆ. ಗ್ರಾಹಕರ ಕೈಯಲ್ಲಿ 180ರ ಪ್ಯಾಕೆಟ್, 200ರ ಬಿಲ್ಲು. ಬಾರ್‌ಕೋಡ್ ಕೊಡುವ ಜಿಎಸ್1 ಸಂಸ್ಥೆಯ ನಿಯಮದ ಪ್ರಕಾರ ನಮೂದಿಸಿದ ತೂಕ ಬದಲಾದರೆ ಹೊಸ ಸಂಖ್ಯೆ ತಗೊಳ್ಳಬೇಕು. ಖರ್ಚು ಯಾಕೆ ಎಂದು ಹಳೆಯದನ್ನೇ ಮುಂದುವರಿಸುವವರಿದ್ದಾರೆ. ಆನ್‌ಲೈನ್ ಪಟ್ಟಿಯಲ್ಲಿ ಹಳೆ ಪ್ಯಾಕೆಟ್ಟಿನ ಫೋಟೋ ಉಳಿದುಬಿಡುವುದಕ್ಕೂ ಎಷ್ಟೋ ಸಲ ಇದೇ ಮೂಲ.

ಕೊನೆಗೆ ಮಾತು ಕೇಳುವವರು ಅಂಗಡಿಯವರು. ಅವರಿಗೆ ಮೊದಲೇ ಹೇಳದಿದ್ದರೆ 'ಗೊತ್ತಿಲ್ಲಮ್ಮ, ಕಂಪನಿಯವರನ್ನೇ ಕೇಳಿ' ಎನ್ನುತ್ತಾರೆ, ನಿಮ್ಮ ಸೂಚನೆಯ ಬೆಲೆ ಅಲ್ಲಿಗೆ ಹೋಯಿತು. ಹೇಳಿದ್ದರೆ ಮಾತು ಹೀಗೆ ಸಾಗುತ್ತದೆ:

"ಏನ್ರೀ ಇದು, ಪ್ಯಾಕೆಟ್ ಹಗುರ ಅನ್ನಿಸ್ತಿದೆ?"

"ಹೌದಮ್ಮ, 20 ಗ್ರಾಂ ಕಮ್ಮಿ ಮಾಡಿದ್ದಾರೆ. ರೇಟು ಅದೇ. ಕೆ.ಜಿ.ಗೆ 33 ರೂಪಾಯಿ ಜಾಸ್ತಿ ಬೀಳುತ್ತೆ. ನೋಡಿ, ಇಲ್ಲೇ ಬರೆದಿದ್ದಾರೆ."

"ಲೂಸ್ ಕೋಡುಬಳೆ ಹೆಂಗೆ ಕೆ.ಜಿ.?"

ಈ ಕೊನೆಯ ಪ್ರಶ್ನೆಯೇ ತಯಾರಕರಿಗೆ ಭಯ. ಗ್ರಾಹಕರು ಹೋಲಿಸುತ್ತಾರೆ, ಕೆಲವರು ಬೇರೆಯದನ್ನು ಕೊಳ್ಳುತ್ತಾರೆ. ಅದು ನಿಜವಾದ ನಷ್ಟ, ಇಲ್ಲ ಎನ್ನಲಾಗದು. ಬೆಲೆಯನ್ನು 65 ಮಾಡಿದ್ದರೂ ಇದೇ ಪ್ರಶ್ನೆ ಬರುತ್ತಿತ್ತು.

ಮನೆಯಲ್ಲೇ ಮಾಡಿ ವಾಟ್ಸಾಪ್ ಗುಂಪಿನಲ್ಲಿ ಆರ್ಡರ್ ತಗೊಳ್ಳುವವರಿಗೆ ಇದು ಸುಲಭ. ರೇಟು ಪಟ್ಟಿಯಲ್ಲಿ ಹೊಸ ಸಾಲನ್ನು ತಿದ್ದಿ ಬಿಡುವ ಬದಲು, ಮೇಲಿನ ನಾಲ್ಕು ವಾಕ್ಯವನ್ನು ಬೇರೆ ಮೆಸೇಜಾಗಿ ಕಳಿಸಿ, ಆಮೇಲೆ ಆರ್ಡರ್ ತಗೊಳ್ಳಿ. ಪಟ್ಟಿಯಲ್ಲಿ 200 ಹೋಗಿ 180 ಬಂದದ್ದನ್ನು ಯಾರೂ ಗಮನಿಸುವುದಿಲ್ಲ.

ಸೂಚನೆ ಎಷ್ಟು ದಿನ ಇರಬೇಕು ಎನ್ನುವುದು ಸಾಮಾನಿನ ಮೇಲೆ ಹೋಗುತ್ತದೆ. ಕೋಡುಬಳೆಯನ್ನು ಹದಿನೈದು ದಿನಕ್ಕೊಮ್ಮೆ ಕೊಳ್ಳುವವರಿಗೆ ಫ್ರಾನ್ಸಿನ ಎರಡು ತಿಂಗಳು ಧಾರಾಳ, ನಾಲ್ಕು ಸಲ ಕಣ್ಣಿಗೆ ಬೀಳುತ್ತದೆ. ಉಪ್ಪಿನಕಾಯಿ ಬಾಟಲಿ ಮೂರು ತಿಂಗಳು ನಡೆಯುವ ಮನೆಗೆ ಎರಡು ತಿಂಗಳ ಸೂಚನೆ ಒಂದು ಸಲವೂ ಕಾಣದೇ ಹೋಗಬಹುದು. ಅಂಥದ್ದಕ್ಕೆ ಆರು ತಿಂಗಳಾದರೂ ಬೇಕು.

ಮತ್ತೆ ಎಣ್ಣೆ ಇಳಿದಾಗ? ಇಳಿಯುವುದೇ ಇಲ್ಲ ಎಂದೇನಿಲ್ಲ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಖಾದ್ಯ ತೈಲದ ಆಮದು ಸುಂಕ ಏರಿಸಿತು, 2025ರ ಮೇ ಕೊನೆಗೆ ಕಚ್ಚಾ ಖಾದ್ಯ ತೈಲದ ಮೇಲಿನ ಸುಂಕದ ಒಂದು ಭಾಗ ಇಳಿಸಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿದ ನಮ್ಕೀನ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಆಗ ಹಲವು ಕಂಪನಿಗಳು 5 ಮತ್ತು 10 ರೂಪಾಯಿ ಪ್ಯಾಕೆಟ್ಟಿನ ಬೆಲೆ ಮುಟ್ಟದೆ ಗ್ರಾಂ ಏರಿಸಿದವು. ತೂಕ ಮೇಲೆ ಹೋಗುವುದೂ ಉಂಟು.

ನಮ್ಮ ಪ್ಯಾಕೆಟ್ಟಿನಲ್ಲಿ ಎಣ್ಣೆ ಹಳೆ ರೇಟಿಗೆ ಬಂದರೆ, 180 ಗ್ರಾಂ ಹಾಗೇ ಇಟ್ಟುಕೊಂಡ ಮಾಲೀಕರಿಗೆ ಪ್ಯಾಕೆಟ್ಟಿಗೆ 2 ರೂಪಾಯಿ 43 ಪೈಸೆ ಸುಮ್ನೆ ಉಳಿಯುತ್ತದೆ. 'ಎಣ್ಣೆ ಬೆಲೆ ಏರಿದ್ದರಿಂದ' ಎಂದು ಸ್ಟಿಕ್ಕರ್ ಅಂಟಿಸಿದ್ದವರು ಆಗ ಕೂತು ಲೆಕ್ಕ ಹಾಕಲೇಬೇಕಾಗುತ್ತದೆ, ಯಾಕೆಂದರೆ ಗ್ರಾಹಕರೂ ಎಣ್ಣೆ ಕೊಳ್ಳುತ್ತಾರೆ. ತೂಕವನ್ನು 200ಕ್ಕೆ ತಂದರೆ ಸೂಚನೆ ಹಳೆ ಅಚ್ಚಿನಲ್ಲೇ ಇರಲಿ: 180 ಇದ್ದದ್ದು 200 ಆಗಿದೆ, ಬೆಲೆ 60, ಕೆ.ಜಿ.ಗೆ 333 ಇದ್ದದ್ದು 300. 'ಶೇ 11 ಹೆಚ್ಚುವರಿ, ಉಚಿತ' ಎಂದು ಹಳದಿ ಪಟ್ಟಿ ಹಾಕುವ ಆಸೆ ಬಂದೇ ಬರುತ್ತದೆ. ಆ 20 ಗ್ರಾಂ ಹೆಚ್ಚುವರಿಯೂ ಅಲ್ಲ, ಉಚಿತವೂ ಅಲ್ಲ. ಮೊದಲು ಅಲ್ಲೇ ಇದ್ದದ್ದು.